ಪಂಪಿನ ಫಲಕಕ್ಕೆ ಕನ್ನಡ ಚೀಟಿ ಬರೆಯುವುದು ಹೇಗೆ?

ಕಾಸರಗೋಡಿನ ಬದಿಯಡ್ಕದ ಕಡೆಯ ಅಡಿಕೆ ತೋಟವೊಂದರ ಪಂಪ್ ಶೆಡ್ಡಿನಲ್ಲಿ, ಸ್ಟಾರ್ಟರ್ ಪೆಟ್ಟಿಗೆಗೆ ಅಂಟಿಸಿದ್ದ ಕನ್ನಡ ಚೀಟಿಯೊಂದನ್ನು ಕಂಡೆ. ‘ಟ್ರಿಪ್’ ದೀಪದ ಕೆಳಗೆ ‘ಪ್ರವಾಸ’ ಎಂದಿತ್ತು, ‘ತ್ರೀ ಫೇಸ್’ ಎಂಬುದು ‘ಮೂರು ಹಂತ’ ಆಗಿತ್ತು. ಕನ್ನಡ ಬಲ್ಲ ಯಜಮಾನರಿಗೂ ಅದು ಅರ್ಥವಾಗಿರಲಿಲ್ಲ. ಇಲ್ಲಿನ ಇಲೆಕ್ಟ್ರೀಷಿಯನ್ನರು ಮಲಯಾಳ, ತುಳು, ಕನ್ನಡ ಯಾವುದರಲ್ಲಿ ಮಾತನಾಡಿದರೂ ಫೇಸ್ ಎಂದರೆ ಫೇಸ್, ಟ್ರಿಪ್ ಎಂದರೆ ಟ್ರಿಪ್. ಆ ಪದಗಳನ್ನು ಹಾಗೆಯೇ ಉಳಿಸಿ, ಅವು ಏನು ಹೇಳುತ್ತವೆ ಎಂಬುದನ್ನು ಕನ್ನಡದಲ್ಲಿ ಬರೆಯಬೇಕು.

ಮೊದಲು ಮೋಟಾರಿನ ತಗಡು ಪಟ್ಟಿಯನ್ನು ಒರೆಸಿ ಫೋಟೋ ತೆಗೆದುಕೊಳ್ಳಿ. ಅಂಕಿ, ಅಕ್ಷರ ಯಾವುದನ್ನೂ ಬದಲಿಸಬೇಡಿ. ಆ ತೋಟದ ಪಟ್ಟಿಯಲ್ಲಿ 5 ಎಚ್‌ಪಿ, 415 ವೋಲ್ಟ್, 7.5 ಆಂಪಿಯರ್, ಇನ್ಸುಲೇಶನ್ ಕ್ಲಾಸ್ ಎಫ್ ಎಂದಿತ್ತು.

ಈ 7.5 ಆಂಪಿಯರನ್ನು ‘ಗರಿಷ್ಠ ಕರೆಂಟ್’ ಎಂದು ಬರೆಯುವುದೇ ದೊಡ್ಡ ತಪ್ಪು. ಸ್ವಿಚ್ ಒತ್ತಿದ ಕ್ಷಣ ಇಂಥ ಮೋಟಾರು ಇದರ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. ಆಂಪಿಯರ್ ಮೀಟರಿನ ಮುಳ್ಳು ಹಾರಿ ಮತ್ತೆ ಇಳಿಯುತ್ತದೆ. ‘ಗರಿಷ್ಠ’ ಎಂದು ಓದಿದವರು ಹೆದರಿ ಆಫ್ ಮಾಡಿಬಿಡುತ್ತಾರೆ. ‘ಪೂರ್ಣ ಹೊರೆಯಲ್ಲಿ ಓಡುವಾಗಿನ ಕರೆಂಟ್: 7.5 ಆಂಪಿಯರ್’ ಎಂದು ಬರೆಯಿರಿ. ಮುಳ್ಳು ಇಳಿಯದೆ ಇದಕ್ಕಿಂತ ಮೇಲೆಯೇ ನಿಂತರೆ ಆಗ ಪಂಪ್ ನಿಲ್ಲಿಸಬೇಕು.

ಇನ್ಸುಲೇಶನ್ ಕ್ಲಾಸನ್ನು ‘ದರ್ಜೆ’ ಎಂದರೆ ಶಾಲೆಯ ಗ್ರೇಡಿನಂತೆ ‘ಎಫ್’ ಕಳಪೆ ಎನಿಸುತ್ತದೆ. ನಿಜ ತಿರುವುಮುರುವು: ಬಿ ತಡೆಯುವುದು 130 ಡಿಗ್ರಿ ಸೆಲ್ಸಿಯಸ್, ಎಫ್ 155, ಎಚ್ 180. ‘ವೈಂಡಿಂಗಿನ ಶಾಖ ಮಿತಿ: ಎಫ್, 155 ಡಿಗ್ರಿ’ ಎಂದರೆ ಸಾಕು. ಇದು ಒಳಗಿನ ತಂತಿಸುತ್ತಿನ ಮಿತಿ, ಹೊರಮೈ ಮುಟ್ಟಿ ಅಳೆಯುವ ಬಿಸಿಯಲ್ಲ.

ಪೆಟ್ಟಿಗೆಯ ಮೇಲಿನ ಪದಗಳಲ್ಲಿ ‘ಸಿಂಗಲ್ ಫೇಸ್’ ಮತ್ತು ‘ಸಿಂಗಲ್ ಫೇಸಿಂಗ್’ ಒಂದೇ ಎಂದುಕೊಳ್ಳಬೇಡಿ. ಮೊದಲನೆಯದು ಮೋಟಾರಿನ ಬಗೆ, ಎರಡನೆಯದು ದೋಷ: ಮೂರರಲ್ಲಿ ಒಂದು ಫೇಸ್ ಹೋಗಿದೆ ಎಂದರ್ಥ. ಆಗ ನಿಂತ ಮೋಟಾರು ಗುಂಯ್‌ಗುಡುತ್ತದೆ, ತಿರುಗುವುದಿಲ್ಲ. ಓಡುತ್ತಿದ್ದರೆ ಉಳಿದೆರಡು ತಂತಿಗಳಲ್ಲಿ ಕರೆಂಟ್ ಸುಮಾರು 1.7 ಪಟ್ಟಾಗುತ್ತದೆ, ಅಂದರೆ 7.5 ಇದ್ದದ್ದು 13ರ ಹತ್ತಿರ. ವೈಂಡಿಂಗ್ ಸುಡುವುದು ಹೀಗೆಯೇ. ‘ಸಿಂಗಲ್ ಫೇಸಿಂಗ್’ ದೀಪದ ಕೆಳಗೆ ನಾನು ಬರೆದದ್ದು: ‘ಒಂದು ಫೇಸ್ ಇಲ್ಲ. ಆನ್ ಮಾಡಬೇಡಿ.’ ‘ಪ್ರವಾಸ’ವನ್ನು ಕಿತ್ತು ‘ಟ್ರಿಪ್: ಮೋಟಾರು ತಾನಾಗಿ ನಿಂತಿದೆ. ಕಾರಣ ನೋಡದೆ ರೀಸೆಟ್ ಒತ್ತಬೇಡಿ’ ಎಂದು ಹಾಕಿದೆ.

ಅಂಟಿಸುವ ಮೊದಲು ಮೇನ್ ಸ್ವಿಚ್ ಆಫ್ ಮಾಡಿ, ಪೆಟ್ಟಿಗೆಯ ಹೊರಮೈಯಲ್ಲೇ ಅಂಟಿಸಿ. ಮೂಲ ಅಕ್ಷರಗಳು ಮುಚ್ಚಬಾರದು, ರಿಪೇರಿಗೆ ಬರುವವರು ಓದುವುದು ಅವನ್ನೇ. ಕೊನೆಗೆ ದಿನವೂ ನೀರು ಬಿಡುವವರಿಂದ ಚೀಟಿಯನ್ನು ಓದಿಸಿ, ಯಾವ ದೀಪ ಹೊತ್ತಿದರೆ ಏನು ಮಾಡುತ್ತೀರಿ ಎಂದು ಕೇಳಿ. ಅವರು ತಡವರಿಸಿದ ಸಾಲನ್ನು ಮತ್ತೆ ಬರೆಯಿರಿ.