ಕೊನೆಯ ಐದು ನಿಮಿಷ, ಕ್ರಿಯಾಪದದ ಮೇಲೊಂದು ಬೆರಳು

ನಾನು ಮಂಡ್ಯದಲ್ಲಿ ನರ್ಸ್. ಬ್ರಿಟನ್ನಿನಲ್ಲಿ ನರ್ಸ್ ಆಗಿ ನೋಂದಣಿ ಮಾಡಿಸಲು ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆ ಬರೆದೆ. ಬರವಣಿಗೆಯಲ್ಲಿ 6.5 ಬೇಕಿತ್ತು, ಬಂದದ್ದು 6. ಬೆಲ್ ಹೊಡೆಯುವವರೆಗೂ ಬರೆಯುತ್ತಲೇ ಇದ್ದೆ. ಬರೆದದ್ದನ್ನು ಒಮ್ಮೆಯೂ ತಿರುಗಿ ನೋಡಿರಲಿಲ್ಲ.

ಎರಡನೇ ಸಲಕ್ಕೆ ಓದುವಾಗ ನಮ್ಮ ಬೀದಿಯ ನಿವೃತ್ತ ಇಂಗ್ಲಿಷ್ ಮೇಷ್ಟ್ರಿಗೆ ನನ್ನ ಅಭ್ಯಾಸದ ಪ್ರಬಂಧಗಳನ್ನು ಕೊಟ್ಟೆ. ಅವರು ಒಂದು ವಾಕ್ಯದ ಕೆಳಗೆ ಗೆರೆ ಎಳೆದರು: "ದ ನಂಬರ್ ಆಫ್ ಪೀಪಲ್ ಹೂ ಯೂಸ್ ಬಸಸ್ ಇನ್ ಸಿಟೀಸ್ ಹ್ಯಾವ್ ಇನ್ಕ್ರೀಸ್ಡ್."

"ಇದನ್ನ ಕನ್ನಡದಲ್ಲಿ ಹೇಳು" ಅಂದರು.

"ನಗರಗಳಲ್ಲಿ ಬಸ್ ಬಳಸುವ ಜನರ ಸಂಖ್ಯೆ ಹೆಚ್ಚಾಗಿದೆ, ಸಾರ್."

"ಕನ್ನಡದಲ್ಲಿ ತಪ್ಪೇ ಮಾಡಲಿಲ್ಲ ನೋಡು. 'ಸಂಖ್ಯೆ' ಪಕ್ಕದಲ್ಲೇ 'ಹೆಚ್ಚಾಗಿದೆ' ಕೂತಿದೆ. ಇಂಗ್ಲಿಷಲ್ಲಿ 'ನಂಬರ್' ಎಲ್ಲೋ ಮೊದಲಲ್ಲಿ, ಕ್ರಿಯಾಪದ ಎಲ್ಲೋ ಕೊನೇಲಿ. ನಡುವೆ 'ಪೀಪಲ್', 'ಬಸಸ್', 'ಸಿಟೀಸ್' ಸಾಲಾಗಿ ನಿಂತು ನಿನ್ನ ಕೈ ಎಳೀತವೆ ಕಣಮ್ಮ. ಹ್ಯಾವ್ ಅಲ್ಲ, ಹ್ಯಾಸ್."

ನನ್ನ ಹಳೆಯ ಪ್ರಬಂಧಗಳನ್ನೆಲ್ಲ ಹರಡಿಕೊಂಡು ನೋಡಿದೆ. ಇದೇ ತಪ್ಪು ಎಲ್ಲೆಲ್ಲೂ ಇತ್ತು. ಇನ್ನೊಂದು ತಪ್ಪೂ ಕನ್ನಡದಿಂದಲೇ ಬಂದದ್ದು. ನಾವು "ಐದು ವರ್ಷ", "ಹತ್ತು ಲಾರಿ ಕಬ್ಬು" ಅಂತೀವಿ. ಎಣಿಕೆ ಹೇಳಿದ ಮೇಲೆ ಮತ್ತೆ "ವರ್ಷಗಳು" ಬೇಕಾಗಲ್ಲ, ಅಲ್ವಾ? ಅದೇ ಅಭ್ಯಾಸದಲ್ಲಿ "ಫೈವ್ ಇಯರ್" ಅಂತ ಬರೆದಿದ್ದೆ. "ಒನ್ ಆಫ್ ದ" ಆದ ಮೇಲೆ "ರೀಸನ್ಸ್" ಬರಬೇಕು. ಅಲ್ಲೂ ಕೊನೆಯ "ಎಸ್" ಬಿಟ್ಟಿದ್ದೆ.

ಬರವಣಿಗೆಗೆ ಒಟ್ಟು 60 ನಿಮಿಷ. ಮೊದಲನೇ ಪ್ರಶ್ನೆ ಗ್ರಾಫ್ ವಿವರಿಸುವುದು, ಎರಡನೆಯದು ಪ್ರಬಂಧ. ಎರಡನೆಯದಕ್ಕೆ ಮೊದಲನೆಯದರ ಎರಡು ಪಟ್ಟು ತೂಕ. ಅದಕ್ಕೇ ಅದನ್ನೇ ಮೊದಲು ಬರೆದು, 55ನೇ ನಿಮಿಷಕ್ಕೆ ಪೆನ್ಸಿಲ್ ನಿಲ್ಲಿಸುವುದನ್ನು ರೂಢಿ ಮಾಡಿಕೊಂಡೆ. ಉಳಿದ ಐದರಲ್ಲಿ ಮೂರು ನಿಮಿಷ ಪ್ರಬಂಧಕ್ಕೆ, ಎರಡು ನಿಮಿಷ ಗ್ರಾಫಿಗೆ.

ಪ್ರಬಂಧವನ್ನು ಮೇಲಿಂದ ಕೆಳಕ್ಕೆ ಓದಿದರೆ ಕೆಲಸ ಆಗಲ್ಲ. ನಮ್ಮದೇ ವಿಚಾರ ಆದ್ದರಿಂದ ಕಣ್ಣು ಜಾರಿಕೊಂಡು ಹೋಗುತ್ತದೆ, ಇಲ್ಲದ "ಎಸ್" ಕೂಡ ಇದ್ದ ಹಾಗೆ ಕಾಣುತ್ತದೆ. ಕೊನೆಯ ವಾಕ್ಯದಿಂದ ಶುರು ಮಾಡಿ ಹಿಂದಕ್ಕೆ ಬರುತ್ತೇನೆ. ಪ್ರತಿ ವಾಕ್ಯದಲ್ಲೂ ಕ್ರಿಯಾಪದದ ಮೇಲೆ ಬೆರಳಿಡುತ್ತೇನೆ. ಇದು ಯಾರ ಕ್ರಿಯೆ? ಉತ್ತರ ಸಿಗುವವರೆಗೆ ಬೆರಳು ಎಡಕ್ಕೆ ಹೋಗಬೇಕು, ಆದರೆ ಪಕ್ಕದ ಪದಕ್ಕೇ ನಿಲ್ಲಬಾರದು. ಎರಡನೇ ಸುತ್ತಿನಲ್ಲಿ ಎಣಿಕೆಯ ಪದಗಳು ಮಾತ್ರ: ಮೆನಿ, ಸೆವೆರಲ್, ಒನ್ ಆಫ್, ಅಂಕಿಗಳು. ಅವುಗಳ ಮುಂದಿನ ನಾಮಪದದ ಬಾಲ ನೋಡಿದರೆ ಸಾಕು. ಎರಡನ್ನೂ ಒಂದೇ ಸುತ್ತಿನಲ್ಲಿ ನೋಡಲು ಹೋದಾಗ ಎರಡೂ ತಪ್ಪಿಹೋದವು.

"ದ", "ಎ" ಹುಡುಕುವ ಗೋಜಿಗೆ ಹೋಗಲಿಲ್ಲ. ಕನ್ನಡದಲ್ಲಿ ಅವು ಇಲ್ಲ, ಎಲ್ಲಿ ಬಿಟ್ಟಿದ್ದೇನೆ ಅಂತ ನನ್ನ ಕಣ್ಣಿಗೆ ಬೀಳುವುದು ನಿಧಾನ. "ಗವರ್ನ್‌ಮೆಂಟ್" ಇದ್ದ ಕಡೆ ಮಾತ್ರ ಹಿಂದೆ "ದ" ಇದೆಯಾ ಅಂತ ನೋಡುತ್ತಿದ್ದೆ.

ಗ್ರಾಫಿನ ಉತ್ತರದಲ್ಲಿ ನೋಡುವುದು ಬೇರೆ. ಬರೆದ ಅಂಕಿ ಚಿತ್ರದಲ್ಲಿರುವ ಅಂಕಿಯೇನಾ? ಸಾವಿರವೋ, ಶೇಕಡಾವೋ? ಚಿತ್ರ 1990ರಿಂದ 2010ರದ್ದಾದರೆ ಕ್ರಿಯಾಪದಗಳು ಭೂತಕಾಲದಲ್ಲಿವೆಯಾ? ಡ್ಯೂಟಿ ಬದಲಾಗುವಾಗ ಔಷಧಿ ಚಾರ್ಟನ್ನು ಕಥೆ ಥರ ಓದಲ್ಲ, ಒಂದೊಂದು ಸಾಲಿಗೂ ಬೆರಳಿಡುತ್ತೀವಿ. ಇದೂ ಹಾಗೇ.

ಈ ಐದು ನಿಮಿಷದಲ್ಲಿ ಹೊಸ ವಾಕ್ಯ ಸೇರಿಸಬೇಡಿ. ಅಭ್ಯಾಸದಲ್ಲಿ ಒಮ್ಮೆ "ಪ್ರಾಬ್ಲಮ್" ಚೆನ್ನಾಗಿಲ್ಲ ಅಂತ ಅಳಿಸಿ "ಡಿಫಿಕಲ್ಟೀಸ್" ಮಾಡಿದೆ, ಹಿಂದೆಯೇ ಇದ್ದ "ದಿಸ್" ಹಾಗೇ ಉಳಿಯಿತು. ಸರಿಯಿದ್ದ ವಾಕ್ಯ ಸುಮ್ನೆ ಕೆಟ್ಟಿತು. ಪ್ರಶ್ನೆಯ ಒಂದು ಭಾಗಕ್ಕೆ ಉತ್ತರವೇ ಬರೆದಿಲ್ಲ ಅಂತ ಈಗ ಗೊತ್ತಾದರೂ ಪ್ರಯೋಜನ ಇಲ್ಲ. ಅದನ್ನು ಬರೆಯುವ ಮೊದಲೇ ನೋಡಿಕೊಳ್ಳಬೇಕು.

ಎರಡನೇ ಸಲ ಪರೀಕ್ಷೆಯಲ್ಲಿ ಏಳು ತಪ್ಪು ಸಿಕ್ಕವು, ನಾಲ್ಕು ಕ್ರಿಯಾಪದದವು. ರಬ್ಬರ್ ಹುಡುಕಲಿಲ್ಲ. ತಪ್ಪಿನ ಮೇಲೆ ಒಂದೇ ಗೆರೆ ಎಳೆದು ಮೇಲೆ ಸರಿಯಾದದ್ದು ಬರೆದೆ. 6.5 ಬಂತು. ಪರೀಕ್ಷೆಯ ದಿನ ಹೊರಗೆ ಬಂದು ಬಸ್ಸಿಗೆ ನಿಂತಾಗ, ಎರಡನೇ ಪ್ಯಾರಾದ "ಗವರ್ನ್‌ಮೆಂಟ್" ಹಿಂದೆ "ದ" ಹಾಕಲೇ ಇಲ್ಲ ಅಂತ ನೆನಪಾಯಿತು.