ಪೇಸ್ಟ್ ಜಾಹೀರಾತಿನ ನಗು: ಹಲ್ಲಿಗಿಂತ ಮೊದ್ಲು ಒಸಡು ನೋಡ್ಕೊಳ್ಳಿ (ನನ್ನ ಅನುಭವ)

ಟೂತ್‌ಪೇಸ್ಟ್ ಪೋಸ್ಟರ್‌ನಲ್ಲಿ ನಗು ಯಾಕೋ ಸುಳ್ಳು ಅನ್ಸಿದ್ರೆ ಹಲ್ಲು ಬಿಟ್ಟು ಒಸಡು ನೋಡಿ, ಹೆಚ್ಚಿನ ಸಲ ಕೆಟ್ಟಿರೋದು ಅಲ್ಲೇ. ಮೇಲಿಂದ ಕೆಳಗಿನವರೆಗೆ ಒಂದೇ ಬಣ್ಣದ ಗುಲಾಬಿ ಪಟ್ಟಿ, ಅದರಲ್ಲಿ ಚುಕ್ಕಿ ಇಲ್ಲ, ನೆರಳಿಲ್ಲ, ಎರಡು ಹಲ್ಲಿನ ಮಧ್ಯ ತ್ರಿಕೋನದ ಹಾಗೆ ಇಳಿಯೋ ಒಸಡಿನ ತುದಿನೂ ಇಲ್ಲ. ನೋಡಿದವ್ರಿಗೆ ಏನು ತಪ್ಪು ಅಂತ ಹೇಳೋಕೆ ಬರಲ್ಲ, ಆದ್ರೆ ಸೆಟ್ ಹಲ್ಲು ಅಂತ ಅನ್ಸಿಬಿಡುತ್ತೆ.

ನಾನು ಶಿರಸಿಯಲ್ಲಿ ಪ್ರಾಡಕ್ಟ್ ಫೋಟೋಗ್ರಫಿ ಮಾಡೋದು. ಕುಮಟಾ ಕಡೆಯ ಒಂದು ಸಣ್ಣ ಕಂಪನಿಯವ್ರು ಪುದೀನ ಪೇಸ್ಟು, ಮೌತ್‌ವಾಶು ಎರಡೂ ತರ್ತಿದ್ರು, ಅದಕ್ಕೆ ಪೋಸ್ಟರ್ ಬೇಕಿತ್ತು. ಹುಡುಗಿ ನಗ್ತಾ ಪುದೀನ ಕಡ್ಡಿ ಹಿಡ್ಕೊಂಡಿರ್ಬೇಕು, ಪಕ್ಕದಲ್ಲಿ ಬಾಟಲಿ, ಬ್ರಶ್ ಮೇಲೆ ಪೇಸ್ಟು. ಆ ಕೆಲಸ ಹೆಂಗೆ ಮಾಡ್ದೆ ಅಂತಾನೇ ಬರೀತಿದೀನಿ, ಅದರಲ್ಲೂ ಬಾಯಿಯ ವಿಷಯ ಜಾಸ್ತಿ.

ಮಾಡೆಲ್ ಆಗಿ ಬಂದಿದ್ದು ಕಾರವಾರದ ಕಾಲೇಜು ಹುಡುಗಿ, ಚಂದದ ಹಲ್ಲು, ಮುಂದಿನ ಎರಡರ ಪಕ್ಕದ ಹಲ್ಲು ಒಂದು ಕೂದಲೆಳೆ ತಿರುಗಿದೆ ಅಷ್ಟೆ. ಒಸಡಿನಲ್ಲಿ ಕಂದು ಬಣ್ಣದ ಛಾಯೆ ಇತ್ತು. ಇದು ಕಾಯಿಲೆ ಅಲ್ಲ, ಚರ್ಮಕ್ಕೆ ಬಣ್ಣ ಕೊಡೋ ಮೆಲನಿನ್ನೇ ಒಸಡಿನಲ್ಲೂ ಇರುತ್ತೆ, ನಮ್ಮ ಜನರಲ್ಲಿ ಇದು ತುಂಬಾ ಸಾಮಾನ್ಯ. ಕಂಪನಿಯವ್ರು ಕ್ಯಾಮೆರಾ ಸ್ಕ್ರೀನ್ ನೋಡಿದವ್ರೇ, "ತಮಾ, ಆ ಒಸಡು ಸ್ವಲ್ಪ ಗುಲಾಬಿ ಮಾಡಿ ಕೊಟ್ಬಿಡು" ಅಂದ್ರು. ನಾನು ಅಂದೆ, "ಅಣ್ಣಾ, ಈ ಮುಖದ ಬಣ್ಣಕ್ಕೆ ಈ ಒಸಡೇ ಹೊಂದೋದು, ಗುಲಾಬಿ ಮಾಡಿದ್ರೆ ಬೇರೆಯವ್ರ ಬಾಯಿ ತಂದು ಹಚ್ಚಿದ ಹಾಗೆ ಕಾಣ್ತದೆ. ಎರಡೂ ಮಾಡಿ ತೋರಿಸ್ತೇನೆ, ನೀವೇ ನೋಡಿ." ಆಮೇಲೆ ಎರಡೂ ಪ್ರಿಂಟ್ ಪಕ್ಕಪಕ್ಕ ಇಟ್ಟಾಗ ಅವ್ರೇ ಕಂದು ಒಸಡಿನದ್ದು ಆರಿಸ್ಕೊಂಡ್ರು. ಆರೋಗ್ಯದ ಗುರುತು ಬಣ್ಣದಲ್ಲಿ ಮಾತ್ರ ಇಲ್ಲ, ಅಂಚಿನಲ್ಲಿ ಇದೆ. ಹಲ್ಲಿನ ಬುಡಕ್ಕೆ ಒಸಡು ತೆಳ್ಳಗೆ ಕೂತಿರ್ಬೇಕು, ಊದಿ ಕೆಂಪಾಗಿ ಮಿಂಚಬಾರದು, ಅದರ ಮೇಲೆ ಕಿತ್ತಳೆ ಸಿಪ್ಪೆಯ ಹಾಗೆ ಸಣ್ಣ ಸಣ್ಣ ಗುಳಿ ಕಂಡ್ರೆ ಒಳ್ಳೇದು. ಆ ಗುಳಿಗಳನ್ನ ಬ್ಲರ್ ಮಾಡಿ ಒರೆಸಿದ ಕೂಡ್ಲೇ ಅದು ಪ್ಲಾಸ್ಟಿಕ್ ಆಗ್ತದೆ.

ಶೂಟ್‌ಗೆ ಮುಂಚೆ ಅವಳಿಗೆ ಹೇಳಿದ್ದು ಇಷ್ಟೇ, ಹಲ್ಲುಜ್ಜೋದು ಒಂದು ತಾಸು ಮೊದ್ಲೇ ಮುಗಿಸ್ಬೇಕು. ಬಾಗಿಲಿಗೆ ಬಂದು ಗಸಗಸ ಉಜ್ಜಿದ್ರೆ ಒಸಡು ಕೆರಳಿ ಕೆಂಪಾಗ್ತದೆ, ಕೆಲವ್ರಿಗೆ ರಕ್ತದ ಗೆರೆನೂ ಬರ್ತದೆ, ಅದನ್ನ ಕಂಪ್ಯೂಟರ್‌ನಲ್ಲಿ ತೆಗೆಯೋಕೆ ಹೋದ್ರೆ ಅಂಚು ಹಾಳು. ಲಿಪ್‌ಸ್ಟಿಕ್ ನೀಲಿ ಕಡೆ ವಾಲೋ ಕೆಂಪು ಹಚ್ಚಿಸಿದೆ, ಪಕ್ಕದಲ್ಲಿ ಹಲ್ಲು ತಾನಾಗೇ ಬೆಳ್ಳಗೆ ಕಾಣ್ತದೆ. ಕಿತ್ತಳೆ ಅಥವಾ ಕಂದು ಲಿಪ್‌ಸ್ಟಿಕ್ ಇದ್ರೆ ಹಲ್ಲಿನ ಹಳದಿ ಎದ್ದು ಕಾಣ್ತದೆ, ಆಮೇಲೆ ರಿಟಚಿಂಗ್‌ನಲ್ಲಿ ಜಾಸ್ತಿ ಬೆಳ್ಳಗೆ ಮಾಡೋ ಆಸೆ ಬರ್ತದೆ, ತೊಂದ್ರೆ ಅಲ್ಲಿಂದ್ಲೇ ಶುರು.

ಲೈಟಿಂಗ್‌ಗೆ ಒಂದೇ ಮಧ್ಯಮ ಸಾಫ್ಟ್‌ಬಾಕ್ಸ್, ಮುಖಕ್ಕಿಂತ ಸ್ವಲ್ಪ ಮೇಲೆ, ಪಕ್ಕಕ್ಕೆ, ಇನ್ನೊಂದು ಬದಿಗೆ ಬಿಳಿ ಥರ್ಮಾಕೋಲ್. ದೊಡ್ಡ ಸಾಫ್ಟ್‌ಬಾಕ್ಸನ್ನ ಎದುರಿಗೇ ಇಟ್ರೆ ಅದರ ಪ್ರತಿಬಿಂಬ ಎಲ್ಲಾ ಹಲ್ಲಿನ ಮೇಲೂ ಹರಡಿ ಒಂದೇ ಬಿಳಿ ಪಟ್ಟಿ ಆಗ್ತದೆ, ಹಲ್ಲು ಹಲ್ಲಿನ ಮಧ್ಯದ ಗೆರೆ ಮಾಯ. ರಿಂಗ್ ಲೈಟ್ ಇಟ್ರೆ ಪ್ರತಿ ಹಲ್ಲಲ್ಲೂ ಒಂದೇ ಥರದ ಉಂಗುರ ಕಾಣ್ತದೆ. ಪಕ್ಕದಿಂದ ಬರೋ ಬೆಳಕಿಗೆ ಪ್ರತಿ ಹಲ್ಲೂ ತನ್ನದೇ ಸಣ್ಣ ಮಿಂಚು ಹಿಡೀತದೆ, ಗೆರೆ ಬಂದಲ್ಲಿ ಮಿಂಚು ಕಡಿದು ಹೋಗ್ತದೆ, ದುಂಡು ಗೊತ್ತಾಗೋದೇ ಅದರಿಂದ. ಲೈಟಿಗೂ ಲೆನ್ಸಿಗೂ ಪೋಲರೈಸರ್ ಫಿಲ್ಟರ್ ಹಾಕಿ ಮಿಂಚು ಪೂರ್ತಿ ತೆಗೆದ್ರೂ ಕಷ್ಟ, ಹಲ್ಲು ಸುಣ್ಣದ ಕಡ್ಡಿ ಆಗ್ತದೆ, ಒಸಡು ಒಣಗಿದ ಹಾಗೆ ಕಾಣ್ತದೆ, ಅದಕ್ಕೇ ನಾನು ಲೆನ್ಸಿನ ಫಿಲ್ಟರನ್ನ ಅರ್ಧಕ್ಕೆ ತಿರುಗಿಸಿ ನಿಲ್ಲಿಸ್ತೇನೆ. ಲೆನ್ಸ್ 100 ಎಂಎಂ ಮ್ಯಾಕ್ರೋ, ಅಪರ್ಚರ್ ಎಫ್ 11, ಯಾಕಂದ್ರೆ ಮುಂದಿನ ಹಲ್ಲಿಂದ ಕೋರೆಹಲ್ಲಿನ ತನಕ ಫೋಕಸ್ ಇರ್ಲೇಬೇಕು. ಕ್ಯಾಮೆರಾ ಬಾಯಿಯ ಮಟ್ಟಕ್ಕೆ, ಬೇಕಿದ್ರೆ ಒಂಚೂರು ಮೇಲೆ. ಕೆಳಗಿಂದ ತೆಗೆದ್ರೆ ಮೇಲ್ತುಟಿಯ ಅಡಿಯಲ್ಲಿ ಒಸಡು ಜಾಸ್ತಿ ಕಾಣ್ತದೆ. ಮೊದಲ ಫ್ರೇಮ್‌ನಲ್ಲಿ ಅವಳ ಕೈಯಲ್ಲಿ ಗ್ರೇ ಕಾರ್ಡ್ ಹಿಡಿಸಿ ವೈಟ್ ಬ್ಯಾಲೆನ್ಸ್ ಸರಿ ಮಾಡ್ಕೊಂಡೆ, ಅದಿಲ್ದೆ ಹಲ್ಲಿನ ಹಳದಿ ಎಷ್ಟು, ಲೈಟಿನ ಹಳದಿ ಎಷ್ಟು ಅಂತ ಗೊತ್ತಾಗಲ್ಲ.

ಇನ್ನೊಂದು ವಿಷಯ ಬಹಳ ಜನ ಗಮನಿಸಲ್ಲ. ಬಾಯಿ ತೆರೆದು ನಗು ಹಿಡ್ಕೊಂಡೇ ಇದ್ರೆ ಹಲ್ಲು ಒಣಗ್ತದೆ, ಒಣಗಿದ ಎನಾಮೆಲ್ ಬೆಳ್ಳಗೆ ಮಬ್ಬಾಗಿ ಕಾಣ್ತದೆ, ತುದಿಯ ಪಾರದರ್ಶಕತೆ ಹೋಗ್ತದೆ. ಬೆಳ್ಳಗಾಯ್ತಲ್ಲ ಒಳ್ಳೇದೇ ಅಂತ ಅನ್ಸಬಹುದು, ಆದ್ರೆ ಅದು ಜೀವ ಇಲ್ಲದ ಬಿಳಿ, ತುಟಿನೂ ಹಲ್ಲಿಗೆ ಅಂಟಿ ನಗು ಬಿಗೀತದೆ. ಅದಕ್ಕೆ ಎರಡ್ಮೂರು ಕ್ಲಿಕ್ ಆದ ಕೂಡ್ಲೇ "ಬಾಯಿ ಮುಚ್ಚು ತಂಗಿ, ನಾಲಿಗೆ ಹಲ್ಲಿನ ಮೇಲೆ ಆಡಿಸು, ಈಗ ನಗು" ಅಂತ ಮತ್ತೆ ಮತ್ತೆ ಹೇಳ್ತಿದ್ದೆ. ಆ ಹೊಸ ಒದ್ದೆಯ ನಗುವೇ ಪೋಸ್ಟರಿಗೆ ಹೋಗಿದ್ದು.

ಈಗ ಪುದೀನ. ಸೊಪ್ಪು ಶಿರಸಿ ಪೇಟೆಯದ್ದೇ, ಬೆಳಿಗ್ಗೆ ತಂದು ಐಸ್ ನೀರಲ್ಲಿ ಒಂದು ಹತ್ತು ಹದಿನೈದು ನಿಮಿಷ ಮುಳುಗಿಸಿಟ್ರೆ ಎಲೆ ನೀರು ಕುಡಿದು ಗಟ್ಟಿ ನಿಲ್ತದೆ. ಕೈಯಲ್ಲಿ ಒತ್ತಬಾರದು, ಜಜ್ಜಿದಲ್ಲಿ ಕಪ್ಪಾಗ್ತದೆ, ಇಕ್ಕಳದಲ್ಲಿ ದಂಟು ಹಿಡೀಬೇಕು. ತುದಿಯ ನಾಲ್ಕಾರು ಎಲೆಯ ಕುಡಿ ಮಾತ್ರ ಆರಿಸಿ, ಗ್ಲಿಸರಿನ್ ಮತ್ತು ನೀರು ಸಮ ಸಮ ಬೆರೆಸಿ ಸ್ಪ್ರೇ ಮಾಡಿದ್ರೆ ಹನಿ ಬೇಗ ಇಳಿಯಲ್ಲ.

ಆದ್ರೆ ನಿಜವಾದ ಸವಾಲು ಬಂದಿದ್ದು ಪುದೀನ ಬಾಯಿ ಹತ್ರ ಬಂದಾಗ. ಎಲೆಗೆ ಬಿದ್ದ ಬೆಳಕು ಹಸಿರಾಗಿ ಮುಖಕ್ಕೆ ಹಾರ್ತದೆ. ಹಲ್ಲಿನ ತುದಿ ಅರೆ ಪಾರದರ್ಶಕ ಆಗಿರೋದ್ರಿಂದ ಆ ಹಸಿರು ಅಲ್ಲಿ ಕೂರ್ತದೆ, ಒಸಡಿನ ಗುಲಾಬಿಗೆ ಹಸಿರು ಬಿದ್ರೆ ಅದು ಬೂದಿಬಣ್ಣ ಆಗ್ತದೆ, ರೋಗದ ಒಸಡಿನ ಹಾಗೆ. ಇದನ್ನ ಆಮೇಲೆ ಬಣ್ಣ ಹಚ್ಚಿ ಸರಿ ಮಾಡೋಕೆ ಹೋದ್ರೇ ಆ ವಿಚಿತ್ರ ಗುಲಾಬಿ ಹುಟ್ಟೋದು. ನಾನು ಟ್ರೈಪಾಡ್ ಅಲ್ಲಾಡಿಸದೆ, ಲೈಟ್ ಬದಲಿಸದೆ ಎರಡು ಥರ ತೆಗೆದೆ, ಕೈಯಲ್ಲಿ ಪುದೀನ ಇದ್ದದ್ದು ಒಂದು, ಅದೇ ಭಂಗಿಯಲ್ಲಿ ಖಾಲಿ ಕೈ ಇನ್ನೊಂದು. ಎರಡನೇದ್ರಿಂದ ಬಾಯಿಯ ಭಾಗ ತಗೊಂಡು ಮೊದಲನೇದ್ರಲ್ಲಿ ಕೂರಿಸಿದೆ. ಗದ್ದದ ಮೇಲಿನ ಸ್ವಲ್ಪ ಹಸಿರು ಹಾಗೇ ಬಿಟ್ಟೆ, ಪೂರ್ತಿ ತೆಗೆದ್ರೆ ಪುದೀನನೇ ಅಂಟಿಸಿದ ಹಾಗೆ ಕಾಣ್ತದೆ.

ಬಾಟಲಿ ಮತ್ತೆ ಬ್ರಶ್ ಬೇರೆಯಾಗಿ ತೆಗೆದೆ. ಮೌತ್‌ವಾಶ್ ದಟ್ಟ ಹಸಿರಿದ್ರೆ ಎದುರಿನ ಬೆಳಕಲ್ಲಿ ಕಪ್ಪು ಕಾಣ್ತದೆ, ಬಾಟಲಿ ಆಕಾರಕ್ಕಿಂತ ಸ್ವಲ್ಪ ಚಿಕ್ಕದಾಗಿ ಬಿಳಿ ಕಾರ್ಡ್ ಕತ್ತರಿಸಿ ಹಿಂದೆ ನಿಲ್ಲಿಸಿ ಅದಕ್ಕೆ ಬೆಳಕು ಬಿಟ್ರೆ ದ್ರವ ಹೊಳೀತದೆ. ಪೇಸ್ಟ್ ಟ್ಯೂಬನ್ನ ಸ್ವಲ್ಪ ಹೊತ್ತು ಫ್ರಿಜ್‌ನಲ್ಲಿಟ್ಟು ತೆಗೆದ್ರೆ ಅಲೆಯ ಆಕಾರ ಕುಸಿಯಲ್ಲ, ಲೈಟ್ ಕೆಳಗೆ ಮೇಲ್ಮೈ ಒಣಗೋ ಮುಂಚೆ ಕ್ಲಿಕ್ ಮಾಡ್ಬೇಕು. ಚಿಕ್ಕ ಮಗು ಫೋಟೋದಲ್ಲಿ ಇದ್ರೆ ಮಾತ್ರ ಬ್ರಶ್ ತುಂಬಾ ಪೇಸ್ಟ್ ಹಾಕಿ ತೋರಿಸ್ಬೇಡಿ, ಮೂರರಿಂದ ಆರು ವರ್ಷದ ಮಕ್ಕಳಿಗೆ ಬಟಾಣಿ ಕಾಳಿನಷ್ಟೇ ಸಾಕು ಅಂತ ದಂತವೈದ್ಯರು ಹೇಳೋದು.

ಕಂಪ್ಯೂಟರ್ ಕೆಲಸದಲ್ಲಿ ನನ್ನ ಮೊದಲ ನಿಯಮ, ಹಲ್ಲಿಗೂ ಒಸಡಿಗೂ ಬೇರೆ ಬೇರೆ ಮಾಸ್ಕ್, ಅಂದ್ರೆ ಬದಲಾವಣೆ ಎಲ್ಲಿ ಮಾತ್ರ ಬೀಳ್ಬೇಕು ಅಂತ ಗುರುತು ಮಾಡೋದು. ಫೋಟೋಶಾಪ್‌ನಲ್ಲಿ Hue/Saturation ಲೇಯರ್ ಹಾಕಿ, Yellows ಆರಿಸಿ, ಸ್ಯಾಚುರೇಶನ್ ಮೈನಸ್ 25 ರ ಆಸುಪಾಸು ಇಳಿಸ್ದೆ, ಅದೂ ಹಲ್ಲಿನ ಮೇಲೆ ಮಾತ್ರ. ಹಳದಿ ಕಮ್ಮಿ ಆದ್ರೆ ಅರ್ಧ ಕೆಲಸ ಮುಗೀತು, ಆಮೇಲೆ Curves ನಲ್ಲಿ ಬೆಳಕು ಒಂಚೂರು ಏರಿಸೋದು. ಎಲ್ಲಾ ಹಲ್ಲಿಗೂ ಒಂದೇ ಅಳತೆ ಹಾಕಬೇಡಿ. ಬಾಯಲ್ಲಿ ಮುಂದಿನ ಎರಡು ಹಲ್ಲೇ ಬೆಳ್ಳಗೆ, ಕೋರೆಹಲ್ಲು ಹುಟ್ಟಾ ಹಳದಿ, ಪ್ರತಿ ಹಲ್ಲೂ ಬುಡದಲ್ಲಿ ಬೆಚ್ಚಗಿನ ಬಣ್ಣ, ತುದಿಯಲ್ಲಿ ನೀಲಿ ಬೂದಿ, ಯಾಕಂದ್ರೆ ಬುಡದಲ್ಲಿ ಎನಾಮೆಲ್ ತೆಳು, ಒಳಗಿನ ಹಳದಿ ಡೆಂಟಿನ್ ಕಾಣ್ತದೆ. ನಾನು ಕೋರೆಹಲ್ಲಿನ ಮೇಲೆ ಮಾಸ್ಕನ್ನ ಅರ್ಧಕ್ಕಿಂತ ಕಮ್ಮಿ ಮಾಡ್ದೆ, ಬುಡದಲ್ಲಿ ಇನ್ನೂ ಕಮ್ಮಿ. ಬಾಯಿಯ ಮೂಲೆಯ ಕತ್ತಲನ್ನೂ ಮುಟ್ಟಲಿಲ್ಲ, ಅಲ್ಲಿ ಹಿಂದಿನ ಹಲ್ಲು ಬೆಳಗಿಸಿದ್ರೆ ದವಡೆ ಚಪ್ಪಟೆ ಆಗ್ತದೆ. ತಿರುಗಿದ ಆ ಒಂದು ಹಲ್ಲೂ ಹಾಗೇ ಉಳೀತು, ಆ ಹುಡುಗಿಯ ನಗು ಅವಳದ್ದೇ ಅನ್ಸೋದು ಅದರಿಂದ.

ಜಾಸ್ತಿ ಆಯ್ತಾ ಅಂತ ನೋಡೋದು ಹೆಂಗೆ? ಕಣ್ಣಿನ ಬಿಳಿ ಭಾಗಕ್ಕಿಂತ ಹಲ್ಲು ಬೆಳ್ಳಗಾದ್ರೆ ಜಾಸ್ತಿ ಆಯ್ತು ಅಂತಾನೇ ಅರ್ಥ. ಇನ್ನೊಂದು, Info ಪ್ಯಾನೆಲ್‌ನಲ್ಲಿ Lab ಅಂಕಿ ಇಟ್ಕೊಂಡು ಹಲ್ಲಿನ ಮಧ್ಯ ಕರ್ಸರ್ ಇಟ್ರೆ ಹಳದಿ ನೀಲಿ ತೋರಿಸೋ b ಅನ್ನೋ ಅಂಕಿ ಪ್ಲಸ್‌ನಲ್ಲೇ, ಅಂದ್ರೆ ಹಳದಿ ಕಡೆಗೇ ಇರ್ಬೇಕು, ಸೊನ್ನೆಗೆ ಅಥವಾ ಮೈನಸ್‌ಗೆ ಇಳಿದ್ರೆ ಪಿಂಗಾಣಿ ನೀಲಿ ಬರ್ತದೆ. ಒಸಡಿನಲ್ಲಿ ನಾನು ಮಾಡಿದ್ದು ಒಂದು ಕಡೆ ಕೆಂಪಗಿದ್ದ ಚುಕ್ಕಿಯನ್ನ ಪಕ್ಕದ ಬಣ್ಣಕ್ಕೆ ತಂದಿದ್ದು ಅಷ್ಟೇ, ಗುಳಿ ಮತ್ತೆ ಒದ್ದೆ ಮಿಂಚು ಹಾಗೇ ಉಳಿಸಿ.

ಕಂಪನಿಯವ್ರು ಬಳಸೋ ಮುಂಚೆ, ಬಳಸಿದ ಮೇಲೆ ಅಂತ ಎರಡು ಫೋಟೋನೂ ಕೇಳಿದ್ರು. ಒಂದೇ ಫೋಟೋನ ಹಳದಿ ಮಾಡಿ ಒಂದು, ಬಿಳಿ ಮಾಡಿ ಇನ್ನೊಂದು ಕೊಡೋದಿಲ್ಲ ಅಂದೆ. ಅದು ಗಿರಾಕಿಗೆ ಸುಳ್ಳು ಹೇಳಿದ ಹಾಗೆ, 2019 ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ದಾರಿ ತಪ್ಪಿಸೋ ಜಾಹೀರಾತಿಗೆ ದಂಡನೂ ಇದೆ. ಅವ್ರು ಒಪ್ಕೊಂಡ್ರು.

ಕೊನೆಗೆ ಪ್ರಿಂಟ್. ಸ್ಕ್ರೀನ್‌ನಲ್ಲಿ ಚಂದ ಇದ್ದ ಒಸಡು ಫ್ಲೆಕ್ಸ್ ಮೇಲೆ ಹಸಿ ಮಾಂಸದ ಬಣ್ಣಕ್ಕೆ ತಿರುಗೋದು ಮಾಮೂಲು, ಮಜೆಂಟಾ ಇಂಕು ಸ್ವಲ್ಪ ಏರಿದ್ರೂ ಮೊದಲು ಕೆಡೋದು ಒಸಡು ಮತ್ತೆ ತುಟಿ. ಹಾಗಾಗಿ ಬಾಯಿಯ ಭಾಗ ಮಾತ್ರ ನಿಜವಾದ ಅಳತೆಗೆ ಒಂದು ತುಂಡು ಮೊದ್ಲು ಪ್ರಿಂಟ್ ಹಾಕಿಸಿ, ಅಂಗಡಿ ಟ್ಯೂಬ್‌ಲೈಟಲ್ಲಿ ಬಿಟ್ಟು ಹೊರಗಿನ ಬೆಳಕಲ್ಲಿ ಹಿಡಿದು ನೋಡ್ತೇನೆ, ಬೇಕಾದ್ರೆ ಒಸಡಿನ ಮಾಸ್ಕ್ ಮೇಲೆ ಮಾತ್ರ ಮಜೆಂಟಾ ಇಳಿಸಿ ಇನ್ನೊಂದು ತುಂಡು ಹಾಕಿಸಿ, ಆಮೇಲೆ ಪೂರ್ತಿ ಪೋಸ್ಟರಿಗೆ ಹೂಂ ಅಂತೇನೆ.