‘ಚಂದ ಕಾಣ್ತೀರಿ’ ಬಿಟ್ಟು ‘ಚಲೋ ತಿಳಿಸಿದ್ರಿ’ ಹಿಡಿದ ಮ್ಯಾಲ

ರೂಪ ಬಿಟ್ಟು, ನಮ್ಮ ಓದೂ ಗ್ರೂಪಿನ್ಯಾಗ ಗಣಿತ ಹೇಳಿಕೊಡೂ ಹುಡುಗಿ ತಿಳಿಸಿ ಹೇಳೂ ರೀತಿ ಹೊಗಳಿದ್ರ ಆಕಿ ಜೋಡಿ ಮಾತು ಬೆಳೀತೈತಿ ಅಂದಾಗ ಧಾರವಾಡ ಸಪ್ತಾಪುರದ ನಮ್ಮ ರೂಮಿನವರು ‘ಅದು ಮಾಸ್ತರಗ ಹೇಳೂ ಮಾತಲೇ’ ಅಂತ ನಕ್ಕಿದ್ರು. ಈಗ ಅವರ ಬಂದು ಕೇಳಾಕತ್ತಾರ.

ಮೊದಲು ಕೆಟ್ಟಿದ್ದು ಹೇಳ್ತೀನಿ. ‘ಡ್ರೆಸ್ ಭಾಳ ಒಪ್ಪತೈತಿ’ ಅಂದ್ರ ‘ಥ್ಯಾಂಕ್ಸ್’ ಬರ್ತೈತಿ, ಅಲ್ಲಿಗೆ ಮುಗೀತು. ಆ ಮಾತಿಗೆ ಬ್ಯಾರೆ ಉತ್ತರಾನ ಇಲ್ಲ. ‘ನೀವು ಭಾಳ ಶ್ಯಾಣ್ಯಾರದೀರಿ’ ಅನ್ನೂದೂ ಹಂಗ, ಅದನ್ನ ಆಕಿ ಸೋದರಮಾವನೂ ಅಂದಿರ್ತಾನ. ಉಡುಗೊರೆ ಕೊಟ್ಟೂ ನೋಡಿದೆ: ಪೆನ್ನು, ಅರ್ಧ ಕಿಲೋ ಪೇಡೆ ಅಂತ ಆರುನೂರರ ಆಸುಪಾಸು ಹೋತು. ಪೇಡೆ ಗ್ರೂಪಿನವರೆಲ್ಲ ತಿಂದ್ರು.

ಹತ್ತಿದ್ದು ಚಕ್ರಬಡ್ಡಿ ಲೆಕ್ಕದಾಗ. ನೂರು ರೂಪಾಯಿ, ಶೇಕಡಾ 10, ಎರಡು ವರ್ಷ. ಸರಳ ಬಡ್ಡಿ 20, ಚಕ್ರಬಡ್ಡಿ 21. ಆಕಿ ಸೂತ್ರ ಬರೀಲಿಲ್ಲ. ‘ಹೆಚ್ಚಿಂದು ಒಂದು ರೂಪಾಯಿ ಎಲ್ಲಿಂದ ಬಂತು?’ ಅಂತ ಕೇಳಿ, ಮೊದಲನೇ ವರ್ಷದ ಹತ್ತು ರೂಪಾಯಿಗೆ ಬಿದ್ದ ಬಡ್ಡಿ ಅದು ಅಂತ ತೋರಿಸಿದ್ಲು. ಅವತ್ತ ಸಂಜೀಕ, ಜುಬಿಲಿ ಸರ್ಕಲ್ ಕಡೆ ನಡಕೊಂಡು ಹೋಗುವಾಗ, ಮೂರನೇಯವರು ಇಲ್ಲದಾಗ ಇಷ್ಟ ಅನ್ನೂದು: ‘ಆ ಒಂದು ರೂಪಾಯಿ ಕೇಳಿದ್ರಲ್ರೀ, ಅಲ್ಲೇ ನನಗ ಗಂಟು ಬಿಚ್ಚಿತು. ಮೂರನೇ ವರ್ಷಕ್ಕ ಹಂಗ ಮಾಡಿ ನೋಡಿದೆ, ಮೂರೂ ವರ್ಷದ್ದು ಕೂಡಿ ಬಡ್ಡಿ 33.10 ಬಂತು. ಬರೋಬರಿ ಐತೇನ್ರೀ?’

ಇದರಾಗ ಕೆಲಸ ಮಾಡೂದು ಮೂರನೇ ವರ್ಷದ ಲೆಕ್ಕ. ಹೊಗಳಿಕೆ ಎಲ್ಲಾರೂ ಒಗೀತಾರ. ಹೇಳಿಕೊಟ್ಟಿದ್ದನ್ನ ಬಳಸಿ ಬಂದವ ಕಡಿಮಿ. ಕಡೀಗೆ ಪ್ರಶ್ನೆ ಇಟ್ರ ಆಕಿಗೆ ‘ಥ್ಯಾಂಕ್ಸ್’ ಅಂದು ದಾಟಾಕ ಬರೂದಿಲ್ಲ. ತಿಳೀದನ ತಿಳಿದಂಗ ಮಾಡಿದ್ರ ಮಾತ್ರ ಕೆಲಸ ಕೆಟ್ಟಿತು, ಒಂದ ಮರುಪ್ರಶ್ನೆಗೆ ಬಣ್ಣ ಬಯಲಾಗ್ತೈತಿ. ಅಂಥಾಗ ಎಲ್ಲಿ ಸಿಕ್ಕೊಂಡೆ ಅಂತ ಹೇಳ್ರಿ, ಅದೂ ನಡೀತೈತಿ. ‘ಹುಡುಗಿ ಆಗಿ ಗಣಿತ ಎಷ್ಟ್ ಚಲೋ ಹೇಳ್ತೀರಿ’ ಅಂತೂ ಬ್ಯಾಡ; ಅದು ಬೈಗುಳ.

ವಾರಕ್ಕ ಒಂದ ಸಲ ಸಾಕು. ಆಕಿ ತಾನಾಗಿ ಇನ್ನೊಂದು ಉದಾಹರಣೆ ಹೇಳಿದ್ರ ದಾರಿ ಐತಿ. ಎರಡು ಸಲ ಬರೇ ‘ಹೌದ್ರೀ’ ಅಂತ ಫೋನ್ ನೋಡಿದ್ರ ಬಿಡ್ರಿ, ಮೂರನೇದ್ದು ಕಿರಿಕಿರಿ.

ನಡುವ ಬ್ಯಾರೇನೂ ನೋಡಿದೆ. ನಗಿಚಾಟಿಕಿಗೆ ‘ಜೋಕ್ ಮಸ್ತ್’ ಅನ್ನೂದು ದಂಡ. ಆಗ ನಕ್ಕು, ಎರಡು ದಿನ ಬಿಟ್ಟು ಗಿರಮಿಟ್ ತಿನ್ನುವಾಗ ಆಕಿ ಮಾತನ್ನ ಆಕಿ ಹೆಸರಿನ ಮ್ಯಾಲ ತಿರುಗಿ ಹೇಳಿದ್ರ ಮುಖ ಅರಳ್ತೈತಿ. ಅಭಿರುಚಿದು ಅರ್ಧಾ ಹತ್ತಿತು: ‘ಇಳಕಲ್ ಸೀರಿಗೆ ಈ ಬಣ್ಣದ ಖಣ ಹೊಂದಿಸಬೇಕು ಅಂತ ಹೆಂಗ ಹೊಳೀತ್ರೀ?’ ಅಂದ್ರೂ ಮಾತು ಜಾರಿ ರೂಪದ ಕಡೆ ಹೋಗ್ತೈತಿ.

ಚಿಗರಿ ಬಸ್ಸಿನ ಬಾಗಿಲಾ ಮುಚ್ಚೂ ಮೊದಲು ಅನ್ನೂ ಒಂದು ಮಾತು ಐತಿ. ಅದನ್ನ ಬರಿಯಂಗಿಲ್ಲ, ರೂಮಿನವರೂ ಇದನ್ನ ಓದ್ತಾರ.